ಪ್ರೀತಿಯಿಂದ ಕೊಟ್ಟ ಸಾಲ

ನೀಲಪ್ಪ ಮಾಸ್ತರು ನನಗೆ ನಾಲ್ಕನೇ ಕ್ಲಾಸಿನಲ್ಲಿ ಲೆಕ್ಕ ಕಲಿಸಿದವರು. ಹಾವೇರಿಯಲ್ಲಿ ಈಗ ಅವರ ಮನೆಯಿಂದ ಮೂರನೆಯದೇ ನಮ್ಮ ಮನೆ. ಕೋರ್ಟಿನ ತಾರೀಖು ಇದ್ದ ದಿನವೆಲ್ಲ ನನ್ನ ಗಾಡಿಯ ಹಿಂದೆ ಕೂತು ಬರುತ್ತಿದ್ದರು. ತೊಡೆಯ ಮೇಲೊಂದು ಬಟ್ಟೆಯ ಚೀಲ, ಅದರಲ್ಲಿ ಪ್ರೊನೋಟಿನ ಝೆರಾಕ್ಸು, ಪಾಸ್‌ಬುಕ್ಕು, ಒಂದು ಇನ್ನೂರು ಪುಟದ ನೋಟುಬುಕ್ಕು.

ಸಾಲ ತಗೊಂಡವನು ಅವರ ಅಕ್ಕನ ಮಗ ಮಂಜು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. 2022ರ ಆಗಸ್ಟಿನಲ್ಲಿ ಬಂದು, "ಮಾಮಾ, ಒಂದ ಸೀಜನ್ ಅಷ್ಟ, ಮಾಲು ಹೋದಕೂಡ್ಲೆ ಕೊಡ್ತೀನಿ" ಅಂದ. ಮಾಸ್ತರು ರಿಟೈರ್ ಆದಾಗ ಬಂದ ಜಿಪಿಎಫ್, ಗ್ರಾಚ್ಯುಟಿಯಲ್ಲಿ ಉಳಿದಿದ್ದ 8 ಲಕ್ಷ ರೂಪಾಯಿಯನ್ನು ಬ್ಯಾಂಕಿನ ಮೂಲಕವೇ ಅವನ ಖಾತೆಗೆ ಹಾಕಿದರು. ಪ್ರೊನೋಟು ಬರೆಸಬೇಕು ಅಂದದ್ದು ಅವರ ಹೆಂಡತಿ. ಮಂಜು ನಗುತ್ತಲೇ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಮಾಡಿದ.

ಮೊದಲ ವರ್ಷ ಕೊಡಲಿಲ್ಲ. ಎರಡನೇ ವರ್ಷ ಮಾಲೆಲ್ಲ ಕೋಲ್ಡ್ ಸ್ಟೋರೇಜಿನಲ್ಲಿತ್ತು. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಬಿದ್ದು, ರೈತರು ಸಿಟ್ಟಿಗೆದ್ದು ಗಾಡಿಗಳಿಗೆ ಬೆಂಕಿ ಹಚ್ಚಿದರಲ್ವಾ, ಆಗ ಅವನೂ ಮುಳುಗಿದ. ಅವನು ಮೋಸಗಾರ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆದರೆ ಬಂದು ಹೇಳಬಹುದಿತ್ತು. ಫೋನು ಎತ್ತುವುದನ್ನೇ ಬಿಟ್ಟ. ಇತ್ತ ಮಾಸ್ತರ ಹೆಂಡತಿಗೆ ಎರಡೂ ಮೊಣಕಾಲಿನ ಆಪರೇಷನ್ ಆಗಬೇಕಿತ್ತು, ಅವರು ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ನಾನೇ ನೋಡಿದ್ದೇನೆ.

ಮೂರು ವರ್ಷ ತುಂಬಿದರೆ ದಾವೆ ಹಾಕುವ ಹಕ್ಕೇ ಹೋಗುತ್ತದೆ ಅಂತ ವಕೀಲರು ಹೇಳಿದ್ದು 2025ರ ಮೇ ತಿಂಗಳಲ್ಲಿ. ಮಾಸ್ತರು ನೋಟುಬುಕ್ಕು ತೆಗೆದು ತಿಂಗಳು ಎಣಿಸಿದರು. ಮೂರೇ ತಿಂಗಳು ಉಳಿದಿತ್ತು. ಆಮೇಲೂ ಎರಡು ವಾರ ಸುಮ್ನೆ ಕೂತರು.

ಕೊನೆಗೆ ನೋಟೀಸು ಹೋಯಿತು. ಉತ್ತರವೂ ಬಂತು. ಮಾಸ್ತರು ಕಟ್ಟೆಯ ಮೇಲೆ ಕೂತು ಕನ್ನಡಕ ಹಾಕಿಕೊಂಡು ಓದಿದರು, ಪೇಪರ್ ತಿದ್ದುವಾಗ ಓದುತ್ತಿದ್ದ ಹಾಗೆ ಬೆರಳಿಟ್ಟು, ಸಾಲು ಬಿಡದೆ. ಓದಿ ಮುಗಿಸಿ ಪೆನ್ಸಿಲಿನಿಂದ ಒಂದೇ ಒಂದು ಸಾಲಿಗೆ ಗೆರೆ ಎಳೆದರು. 'ಸದರಿ ಹಣ ಸಾಲವಲ್ಲ, ಪ್ರೀತಿಯಿಂದ ಕೊಟ್ಟಿದ್ದು' ಅಂತಿತ್ತು.

"ಪ್ರೀತಿಯಿಂದನ ಕೊಟ್ಟಿದ್ದೆ, ಅದು ಖರೇನ ಐತಿ" ಅಂದರು. "ಆದ್ರ ಸಾಲಾ ಅಂತ ಕೊಟ್ಟಿದ್ದೆನಲ್ಲಪಾ."

ಮರುದಿನವೇ ದಾವೆಯ ಕಾಗದಕ್ಕೆ ಸಹಿ ಹಾಕಿದರು.

ಕೋರ್ಟಿನ ತಾರೀಖುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹೋದವರಿಗೆಲ್ಲ ಗೊತ್ತಿರುತ್ತದೆ. ಒಂದು ದಿನ ಮಾತ್ರ ಮರೆಯುವುದಿಲ್ಲ. ವರಾಂಡದ ಬೆಂಚಿನ ಈ ತುದಿಗೆ ಮಾಸ್ತರು, ಆ ತುದಿಗೆ ಮಂಜು. ನಡುವೆ ಯಾರದೋ ಕೂಸು ಬಿಸ್ಕತ್ತು ತಿನ್ನುತ್ತಾ ಕೂತಿತ್ತು. ಮಂಜು ತುಂಬಾ ಸೊರಗಿದ್ದ. ಮಾಸ್ತರು ಚೀಲದಿಂದ ನೀರಿನ ಬಾಟಲಿ ತೆಗೆದು, ತಾವು ಕುಡಿಯದೆ, ಬೆಂಚಿನ ಮೇಲೆ ಆ ಕಡೆ ಸರಿಸಿದರು. ಅವನು ಕುಡಿದ. ಇಬ್ಬರೂ ಮಾತಾಡಲಿಲ್ಲ.

ಕೇಸು ಲೋಕ ಅದಾಲತ್‌ನಲ್ಲಿ ಮುಗಿಯಿತು. ಬಡ್ಡಿ ಬೇಡ ಅಂತ ಮಾಸ್ತರೇ ಅಂದರು. ಮೊದಲು 1 ಲಕ್ಷ, ಆಮೇಲೆ ತಿಂಗಳಿಗೆ 25,000ದಂತೆ 28 ಕಂತು. ರಾಜಿಯಾಗಿದ್ದಕ್ಕೆ ಕಟ್ಟಿದ್ದ ಕೋರ್ಟ್ ಫೀಯೂ ವಾಪಸ್ ಸಿಗುತ್ತದೆ ಅಂತ ವಕೀಲರು ಹೇಳಿದರು. ಮಂಜು ತನ್ನ ಟಂಟಂ ಮಾರಿ ಮೊದಲ ಹಣ ತಂದ. ಮೊಣಕಾಲಿನ ಆಪರೇಷನ್ನಿಗೆ ಹೆಸರು ಬರೆಸಿಯೂ ಆಯಿತು.

ಪಂಚಮಿ ಹತ್ತಿರ ಬಂತು. ಪ್ರತಿ ವರ್ಷ ಅಕ್ಕನನ್ನು ಕರೆಯಲು ಮಾಸ್ತರು ತಾವೇ ಹೋಗುತ್ತಿದ್ದರು, ಈ ಸಲವೂ ಹೋಗೋಣ ಅಂದರು. ಬ್ಯಾಡಗಿಯ ಆ ಮನೆಯ ಬಾಗಿಲಲ್ಲಿ ನಾನು ಹೊರಗೇ ನಿಂತೆ. ಎಂಬತ್ತರ ಮುದುಕಿ, ತಮ್ಮನನ್ನು ನೋಡಿ ಎದ್ದು ಬರಲಿಲ್ಲ.

"ನೀಲ್ಯಾ, ರೊಕ್ಕ ಕೊಟ್ಟಾಗ ಹೇಳಲಿಲ್ಲ. ಅಂವ ಕೊಡದಾಗೂ ಹೇಳಲಿಲ್ಲ. ಕೋರ್ಟಿನ ಕಾಗದಾ ಬಂದಾಗ ಬಾಜೂ ಮನಿ ಹುಡುಗ ಓದಿ ಹೇಳಿದಾ ನನಗ."

"ನಿನಗ ಸಂಕಟ ಆಗಬಾರದು ಅಂತ, ಅಕ್ಕಾ..."

"ಈಗ ಆಗಲಿಲ್ಲೇನು?"

ಮಾಸ್ತರು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಒಳಗೆ ಹೋಗಿ ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು. "ಈ ವರ್ಷ ಬರಂಗಿಲ್ಲ. ಉಣ್ಣು" ಅಂದಳು. ಆಮೇಲೆ ಬಾಗಿಲ ಕಡೆ ತಿರುಗಿ ನನಗೂ, "ನೀ ಯಾಕ ಹೊರಗ ನಿಂತಿ, ಬಾ" ಅಂದಳು.