ರಜೆ ಕೊಡಿ, ಸ್ವಲ್ಪ ಮೊದಲೇ ಹೇಳಿ

ಮಂಗಳೂರು
29 ಅಕ್ಟೋಬರ್ 2025

ಸಂಪಾದಕರಿಗೆ,

ಮಾನ್ಯರೇ,

ದಸರಾ ರಜೆ ಮುಗಿದು ಈ ತಿಂಗಳ 8ರಂದು ಶಾಲೆಗಳು ತೆರೆಯಬೇಕಿತ್ತು. 7ರಂದು, ಯೂನಿಫಾರ್ಮಿಗೆ ಇಸ್ತ್ರಿ ಹಾಕಿ ಮುಗಿದ ಮೇಲೆ, ಶಿಕ್ಷಕರು ಮಾಡುತ್ತಿದ್ದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯ ಸಲುವಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರವರೆಗೆ ರಜೆ ಮುಂದುವರಿಸಿದ ಸುದ್ದಿ ಬಂತು. ನಮ್ಮ ಮನೆಯಲ್ಲಿ ಮಗಳು ಅನುದಾನಿತ ಶಾಲೆಗೆ ಹೋಗುತ್ತಾಳೆ, ಮಗ ಖಾಸಗಿ ಶಾಲೆಗೆ. ಅವಳಿಗೆ ರಜೆ, ಅವನಿಗೆ ಇಲ್ಲ. ರಜೆಯಲ್ಲಿ ಮಕ್ಕಳ ಜೊತೆಗಿರಲೆಂದು ಬಂದಿದ್ದ ಅತ್ತೆ ಹಿಂದಿನ ದಿನವಷ್ಟೇ ಊರಿನ ಬಸ್ಸು ಹತ್ತಿದ್ದರು.

ನಾನು ತೆರಿಗೆ ಸಲಹೆಗಾರರೊಬ್ಬರ ಸಣ್ಣ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಪ್ರತಿ ತಿಂಗಳು 11ರೊಳಗೆ ಗ್ರಾಹಕರ ಜಿಎಸ್‌ಟಿಆರ್-1 ಸಲ್ಲಿಸಬೇಕು. ಅದಕ್ಕೆ ಮೂರೇ ದಿನ ಉಳಿದಿದ್ದ 8ರ ಬೆಳಿಗ್ಗೆ ಚಿಕ್ಕ ಮಕ್ಕಳಿರುವ ಸಹೋದ್ಯೋಗಿಗಳಿಂದ ಒಂದರ ಹಿಂದೊಂದು ರಜೆ ಅರ್ಜಿ ಬಂದವು. ಅವರನ್ನು ದೂರುವುದು ಹೇಗೆ? ಒಬ್ಬರು ಮಗುವನ್ನು ಕಚೇರಿಗೇ ಕರೆತಂದು ಪ್ರಿಂಟರ್ ಪಕ್ಕದಲ್ಲಿ ಚಿತ್ರ ಬಿಡಿಸಲು ಕೂರಿಸಿದರು.

ಸಮೀಕ್ಷೆ ಬೇಡವೆಂದೋ ರಜೆ ತಪ್ಪೆಂದೋ ನನ್ನ ವಾದವಲ್ಲ. ಕೆಲಸ ನಿಗದಿತ ದಿನಕ್ಕೆ ಮುಗಿಯುವುದಿಲ್ಲವೆಂದು ಪತ್ರಿಕೆಗಳೇ ಮೊದಲಿನಿಂದ ಬರೆಯುತ್ತಿದ್ದವು. ಓದುಗರಿಗೆ ಗೊತ್ತಿದ್ದದ್ದು ಅಧಿಕಾರಿಗಳಿಗೆ ಗೊತ್ತಿರಲಿಲ್ಲವೇ? 'ವಿಸ್ತರಿಸುವ ಸಾಧ್ಯತೆ ಇದೆ, 4ನೇ ತಾರೀಕಿಗೆ ತಿಳಿಸುತ್ತೇವೆ' ಎಂದು ಒಂದು ಸಾಲಿನ ಪ್ರಕಟಣೆ ಹೊರಡಿಸಿದ್ದರೂ ಅತ್ತೆ ಇನ್ನು ಹತ್ತು ದಿನ ಉಳಿಯುತ್ತಿದ್ದರು.

ಕೆಲವು ರಜೆಗಳನ್ನು ಮೊದಲೇ ಹೇಳಲಾಗುವುದಿಲ್ಲ, ಒಪ್ಪುತ್ತೇನೆ. ಕಳೆದ ಡಿಸೆಂಬರ್ 26ರ ರಾತ್ರಿ ಮಾಜಿ ಪ್ರಧಾನಿ ಮನಮೋಹನ ಸಿಂಗ್ ನಿಧನರಾದಾಗ ಮರುದಿನಕ್ಕೇ ರಜೆ ಘೋಷಿಸಬೇಕಾಯಿತು. ಅದಕ್ಕೆ ಯಾರೂ ಗೊಣಗಲಿಲ್ಲ. ಆದರೆ ಚಂದ್ರದರ್ಶನದ ಹಬ್ಬಗಳೆಲ್ಲವನ್ನೂ ಇದೇ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ರಂಜಾನ್ ಹಬ್ಬಕ್ಕೆ ಚಂದ್ರ ಕಾಣುವುದು ಹಿಂದಿನ ಸಂಜೆಯೇ, ನಿಜ. ಬಕ್ರೀದ್ ಮತ್ತು ಮೊಹರಂ ಮಾತ್ರ ಆಯಾ ತಿಂಗಳ ಹತ್ತನೇ ದಿನ, ಈದ್ ಮಿಲಾದ್ ಹನ್ನೆರಡನೇ ದಿನ. ತಿಂಗಳ ಆರಂಭದ ಚಂದ್ರ ಕಂಡ ರಾತ್ರಿಯೇ ಹಬ್ಬದ ದಿನ ನಿಶ್ಚಯವಾಗಿರುತ್ತದೆ. ಪಟ್ಟಿಯಲ್ಲಿರುವ ದಿನ ಬದಲಾಗುವುದಿದ್ದರೆ ತಿಳಿಸಲು ವಾರಕ್ಕಿಂತ ಹೆಚ್ಚು ಸಮಯ ಕೈಯಲ್ಲಿರುತ್ತದೆ. ಆ ಕಡತ ಯಾವ ಮೇಜಿನ ಮೇಲೂ ಮಲಗಬಾರದು, ಅಷ್ಟೆ.

ಇನ್ನು ನಮ್ಮ ಕರಾವಳಿಯ ಮಳೆ ರಜೆ. ಜೂನ್ ಬಂತೆಂದರೆ ತಾಯಂದಿರು ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ಮೊಬೈಲ್ ನೋಡುತ್ತಾರೆ. ಹಿಂದಿನ ರಾತ್ರಿಯೇ ಆದೇಶ ಬಂದರೆ ಬಚಾವ್. ಬೆಳಿಗ್ಗೆ ಏಳರ ಮೇಲೆ ಬಂದರೆ ಅಷ್ಟರಲ್ಲಿ ಬುತ್ತಿ ಕಟ್ಟಿ ಆಗಿರುತ್ತದೆ, ದೂರದ ಮಕ್ಕಳು ವ್ಯಾನಿನಲ್ಲಿರುತ್ತಾರೆ, ಬಿಸಿಯೂಟದ ಅಕ್ಕಂದಿರು ನೆನೆದುಕೊಂಡು ಶಾಲೆ ಮುಟ್ಟಿರುತ್ತಾರೆ. ಅಧಿಕೃತ ಆದೇಶ ತಡವಾದಷ್ಟೂ ಸುಳ್ಳು ಆದೇಶಗಳಿಗೆ ಸುಗ್ಗಿ. ಹೋದ ವರ್ಷದ ಆದೇಶದ ತಾರೀಕು ಕತ್ತರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುವವರಿಗೆ ನಾವೇ ಜಾಗ ಮಾಡಿಕೊಟ್ಟ ಹಾಗೆ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಹಿಂದಿನ ದಿನವೇ ಬಂದಿದ್ದರೆ ರಾತ್ರಿ ಎಂಟರೊಳಗೆ ಜಿಲ್ಲಾಡಳಿತ ರಜೆ ತೀರ್ಮಾನಿಸಲಿ. ರಜೆ ಇಲ್ಲವೆಂದಾದರೆ ಅದನ್ನೂ ಹೇಳಲಿ. ರಾತ್ರೋರಾತ್ರಿ ಹೊಳೆ ಉಕ್ಕಿದರೆ ಬೆಳಿಗ್ಗೆ ಬದಲಿಸಲು ಯಾರ ಅಡ್ಡಿಯೂ ಇಲ್ಲ.

ಊರಿಗೆ ಹೋಗುವವರ ಪಾಡು ಬೇರೆ. ರೈಲಿನಲ್ಲಿ ಈಗ 60 ದಿನ ಮೊದಲೇ ಟಿಕೆಟ್ ಕಾಯ್ದಿರಿಸಬಹುದು. ಹಬ್ಬದ ಟಿಕೆಟ್‌ಗಳು ಮೊದಲ ದಿನಗಳಲ್ಲೇ ಖಾಲಿ. ಒಂದು ದಿನ ಆಚೀಚೆಯಾದರೆ ರದ್ದತಿ ಶುಲ್ಕ ಕಟ್ಟಿ ತತ್ಕಾಲ್‌ಗೆ ಕೈಮುಗಿಯಬೇಕು.

ಮುಂದಿನ ವರ್ಷದ ರಜಾಪಟ್ಟಿ ಹೊರಡುವ ಕಾಲ ಹತ್ತಿರ ಬಂದಿದೆ. ಚಂದ್ರದರ್ಶನದ ಹಬ್ಬಗಳಿಗೆ ಸಾಧ್ಯವಿರುವ ಎರಡೂ ದಿನಾಂಕಗಳನ್ನು ಅದರಲ್ಲೇ ಮುದ್ರಿಸಬೇಕು. ಶಾಲಾ ರಜೆ ಹಿಗ್ಗಿಸುವ ಅಥವಾ ಕುಗ್ಗಿಸುವ ಆದೇಶ, ತುರ್ತು ಸಂದರ್ಭ ಬಿಟ್ಟರೆ, ಕನಿಷ್ಠ ಒಂದು ವಾರ ಮೊದಲು ಹೊರಬೀಳಬೇಕು. ಆದೇಶ ಯಾರಿಗೆ ಅನ್ವಯ ಎಂಬುದು ಮೊದಲ ಸಾಲಿನಲ್ಲೇ ಇರಲಿ: ಖಾಸಗಿ ಶಾಲೆ ಸೇರಿದೆಯೇ, ಅಂಗನವಾಡಿಗೂ ಇದೆಯೇ, ವರ್ಗಾವಣೀಯ ಲಿಖಿತಗಳ ಕಾಯ್ದೆಯಡಿ ಬ್ಯಾಂಕಿಗೂ ರಜೆಯೇ. ಚಲನ್ ತುಂಬಲು ಹೋಗಿ ಬ್ಯಾಂಕಿನ ಮುಚ್ಚಿದ ಶಟರ್ ನೋಡಿ ವಾಪಸಾಗುವ ಗ್ರಾಹಕರು ಫೋನ್ ಮಾಡಿ ಬೈಯುವುದು ನಮ್ಮಂಥ ಗುಮಾಸ್ತರನ್ನು.

ಇತಿ,
ಸುಮತಿ ಕೆ.
ಕದ್ರಿ, ಮಂಗಳೂರು