ರಾಜೀನಾಮೆ ಪತ್ರ: ದೂರು ಕೊಡುವ ಹಕ್ಕನ್ನು ಉಳಿಸಿಕೊಂಡು

ಬೆಂಗಳೂರು
14 ಜುಲೈ 2025

ಇವರಿಗೆ,
ಮುಖ್ಯಸ್ಥರು, ಎಚ್‌ಆರ್ ವಿಭಾಗ,
ಪೀಣ್ಯ ಕಚೇರಿ

ವಿಷಯ: ಕೆಲಸಕ್ಕೆ ರಾಜೀನಾಮೆ ಮತ್ತು ಆಂತರಿಕ ಸಮಿತಿಗೆ ದೂರು ಕೊಡುವ ನನ್ನ ಹಕ್ಕು

ಮಾನ್ಯ ಮೇಡಂ,

ಅಕೌಂಟ್ಸ್ ವಿಭಾಗದ ಸೀನಿಯರ್ ಎಕ್ಸಿಕ್ಯುಟಿವ್ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ನೇಮಕಾತಿ ಪತ್ರದಲ್ಲಿರುವ 60 ದಿನಗಳ ನೋಟಿಸ್ ಪ್ರಕಾರ 12 ಸೆಪ್ಟೆಂಬರ್ 2025 ನನ್ನ ಕೊನೆಯ ದಿನ.

'ವೈಯಕ್ತಿಕ ಕಾರಣ' ಅಂತ ಬರೆದುಬಿಡಿ, ಸುಮ್ನೆ ತೊಂದರೆ ಯಾಕೆ ಎಂದು ಕೆಲವರು ಹೇಳಿದರು. ಹಾಗೆ ಬರೆಯಲಾರೆ. ನಾಲ್ಕು ವರ್ಷ ಇಷ್ಟಪಟ್ಟು ಮಾಡಿದ ಕೆಲಸ ಇದು. ಇದನ್ನು ಬಿಡುತ್ತಿರುವುದು ನಮ್ಮ ವಿಭಾಗದ ಮ್ಯಾನೇಜರ್ ಕೊಟ್ಟ ಲೈಂಗಿಕ ಕಿರುಕುಳದಿಂದ.

ಮಾರ್ಚ್ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ ಇದು ಶುರುವಾಯಿತು. ಎಂಟ್ರಿ ನೋಡುವ ನೆಪದಲ್ಲಿ ಹಿಂದೆ ಬಂದು ನಿಂತು ಭುಜದ ಮೇಲೆ ಕೈ ಇಡುತ್ತಿದ್ದರು. ಬೇಡ ಸಾರ್ ಅಂದೆ. ನಿಲ್ಲಲಿಲ್ಲ. ಕೊನೆಗೆ ಹಿಂದೆ ಯಾರೂ ನಿಲ್ಲದ ಹಾಗೆ ಕುರ್ಚಿಯನ್ನು ಗೋಡೆಗೆ ತಾಗಿಸಿ ಹಾಕಿಕೊಂಡೆ. ಆಮೇಲೆ ರಾತ್ರಿ ಹನ್ನೊಂದರ ಮೇಲೆ ವಾಟ್ಸಾಪ್ ಮೆಸೇಜ್ ಬರತೊಡಗಿದವು. ಅವು ಕೆಲಸದ ಮಾತಲ್ಲ. ಉತ್ತರ ಕೊಡದ ಮರುದಿನ ಎಲ್ಲರೆದುರು ಬೈಗುಳ. ಜೂನ್ 27ರ ಸಂಜೆ ರೆಕಾರ್ಡ್ ರೂಮಿನಲ್ಲಿ ಬಾಗಿಲಿಗೆ ಅಡ್ಡ ನಿಂತು ನನ್ನ ಕೈ ಹಿಡಿದರು. ಅದು ಕೊನೆಯ ಘಟನೆ. ಅವತ್ತಿನಿಂದ ಮೆಟ್ರೋ ಇಳಿದು ಆಫೀಸಿನ ಕಡೆ ನಡೆಯುವಾಗಲೇ ಹೊಟ್ಟೆಯಲ್ಲಿ ಸಂಕಟ.

ಈ ಪತ್ರ ನನ್ನ ದೂರು ಅಲ್ಲ. ದೂರನ್ನು ದಿನಾಂಕ, ಮೆಸೇಜ್‌ಗಳ ಸಮೇತ ಬೇರೆಯಾಗಿ ಬರೆಯುತ್ತಿದ್ದೇನೆ. 2013ರ ಪೋಶ್ ಕಾಯ್ದೆಯ ಪ್ರಕಾರ ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ದೂರು ಕೊಡಬಹುದು. ಆ ಹಕ್ಕನ್ನು ಪೂರ್ತಿಯಾಗಿ ಉಳಿಸಿಕೊಂಡೇ ಕೆಲಸ ಬಿಡುತ್ತಿದ್ದೇನೆ. ರಾಜೀನಾಮೆ ಕೊಟ್ಟೆ ಅಂದಮಾತ್ರಕ್ಕೆ ನಾನು ಆ ವ್ಯಕ್ತಿಯನ್ನು ಕ್ಷಮಿಸಿದೆ, ವಿಷಯ ಮುಗಿಯಿತು ಎಂದು ದಯವಿಟ್ಟು ತಿಳಿಯಬೇಡಿ. ಕಾನೂನಿನ ಬೇರೆ ದಾರಿಗಳನ್ನೂ ನಾನು ಬಿಟ್ಟುಕೊಟ್ಟಿಲ್ಲ.

ನೋಟಿಸ್ ಅವಧಿಯಲ್ಲಿ ನಾನು ಆ ಮ್ಯಾನೇಜರ್ ಕೈಕೆಳಗೆ ಕೆಲಸ ಮಾಡಲಾರೆ. ಮನೆಯಿಂದ ಕೆಲಸ ಮಾಡಲು ಬಿಡಿ, ಇಲ್ಲವೇ ಬೇರೆಯವರಿಗೆ ರಿಪೋರ್ಟ್ ಮಾಡುವ ಹಾಗೆ ಮಾಡಿ. ರೆಕಾರ್ಡ್ ರೂಮಿನ ಹೊರಗಿನ ಸಿಸಿಟಿವಿಯ ಜೂನ್ 27ರ ದೃಶ್ಯ ಮತ್ತು ನನ್ನ ಆಫೀಸ್ ಇಮೇಲ್ ಅಳಿಸದಂತೆ ಇವತ್ತೇ ಹೇಳಿಬಿಡಿ. ಸಿಸಿಟಿವಿ ತಡವಾದರೆ ಸಿಗುವುದಿಲ್ಲ, ಅಲ್ವಾ? ಬಾಕಿ ಸಂಬಳ, ರಜೆಯ ಹಣ, ಅನುಭವ ಪತ್ರ ನಿಯಮದಂತೆ ಕೊಡಿ. 'ಇನ್ನು ಯಾವ ದೂರೂ ಇಲ್ಲ' ಎಂಬ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ.

ಇಲ್ಲಿ ಬರೆದದ್ದನ್ನು ಗುಟ್ಟಾಗಿಡಿ. ವಿಭಾಗದಲ್ಲಿ ಇನ್ನೂ ಇಬ್ಬರು ಹೊಸ ಹುಡುಗಿಯರಿದ್ದಾರೆ. ಅವರ ಬಗ್ಗೆ ನನಗೆ ನಿಜಕ್ಕೂ ಚಿಂತೆಯಿದೆ.

ಪತ್ರ ತಲುಪಿದ್ದಕ್ಕೆ ಇಮೇಲ್‌ನಲ್ಲಿ ಉತ್ತರ ಕೊಡಿ.

ಇಂತಿ,
ಸವಿತಾ
ಸೀನಿಯರ್ ಎಕ್ಸಿಕ್ಯುಟಿವ್, ಅಕೌಂಟ್ಸ್

ಪ್ರತಿ: ಅಧ್ಯಕ್ಷೆ, ಆಂತರಿಕ ಸಮಿತಿ (ಮಾಹಿತಿಗಾಗಿ)