ಪುಸ್ತಕ ಬಿಡುಗಡೆ: ನಿರೂಪಣೆ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಮೊದಲ ಸಾಲು ಖಾಲಿ ಇದೆ, ಅದೇನು ದೊಡ್ಡವರಿಗೆ ಅಂತ ಇಟ್ಟಿದ್ದಲ್ಲ.

ಇವತ್ತು ಬಿಡುಗಡೆಯಾಗುತ್ತಿರುವುದು 'ಲಾಂಚಿಗೆ ಕಾಯುತ್ತಾ', 14 ಪ್ರಬಂಧಗಳ ಪುಸ್ತಕ. ಮೊದಲು ಲೇಖಕಿ ಸುಮಕ್ಕ. ತುಮರಿ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಶರಾವತಿ ಹಿನ್ನೀರು ತುಂಬಿದ ಮೇಲೆ ಆ ಊರಿನವರು ಸಾಗರಕ್ಕೆ ಬರಬೇಕೆಂದರೆ ಲಾಂಚು, ಇಲ್ಲವೇ ದೂರದ ಸುತ್ತು. ಹೆರಿಗೆ ನೋವಿನಲ್ಲಿ ದಡದಲ್ಲಿ ಕಾದ ಅಮ್ಮ, ಕೊನೆಯ ಲಾಂಚು ತಪ್ಪಿ ಅಲ್ಲೇ ರಾತ್ರಿ ಕಳೆದ ಮದುವೆ ದಿಬ್ಬಣ, ಎಲ್ಲಾ ಇದರಲ್ಲಿದ್ದಾರೆ. 2025ರ ಜುಲೈನಲ್ಲಿ ಸೇತುವೆ ಬಂತು. ಕಾಯೋದು ನಿಂತ ಮೇಲೇ ಬರೆಯೋಕೆ ಕೂತೆ ಅನ್ನುತ್ತಾರೆ. ಅಕ್ಕಾ, ವೇದಿಕೆಗೆ ಬನ್ನಿ.

ಪುಸ್ತಕದ ಬಗ್ಗೆ ಮಾತಾಡುವವರು ರಮೇಶ್ ಮೇಷ್ಟ್ರು. ಕಾಲೇಜಿನಲ್ಲಿ ನನಗೆ ಕನ್ನಡ ಕಲಿಸಿದವರು. ಹೊಗಳುವುದರಲ್ಲಿ ಕೈ ಸ್ವಲ್ಪ ಬಿಗಿ, ನನ್ನ ಅಂಕಪಟ್ಟಿಯೇ ಸಾಕ್ಷಿ. ಮೇಷ್ಟ್ರೇ, ನಿಮಗೆ 20 ನಿಮಿಷ, ಗಡಿಯಾರ ಇವತ್ತು ನನ್ನ ಕೈಲಿದೆ!

ಇನ್ನು ಮುಖ್ಯ ಅತಿಥಿ. ಮಂತ್ರಿಗಳನ್ನು ಕರೆಯೋಣ ಅಂತ ಕೆಲವರು ಹೇಳಿದ್ದರು, ಸುಮಕ್ಕ ಒಪ್ಪಲಿಲ್ಲ. ಲಾಂಚಿನಲ್ಲಿ ವರ್ಷಗಟ್ಟಲೆ ಟಿಕೆಟ್ ಹರಿದ ಮಂಜಣ್ಣನೇ ಬರಬೇಕು ಅಂತ ಹಟ ಹಿಡಿದರು. 'ನಂಗೆ ಭಾಷಣ ಬರಲ್ಲ' ಅಂತ ಮಂಜಣ್ಣ ಎರಡು ಸಲ ತಪ್ಪಿಸಿಕೊಂಡರು, ಮೂರನೇ ಸಲ ಸಿಕ್ಕಿಬಿದ್ದರು. ಬನ್ನಿ ಮಂಜಣ್ಣ, ಸುಮ್ನೆ ನೆನಪಾದದ್ದು ಹೇಳಿ, ಸಾಕು.

ಮೂವರೂ ಬಂದರು ಅಲ್ವಾ? ಮಂಜಣ್ಣ, ಈಗ ಪುಸ್ತಕದ ಕಟ್ಟು ಬಿಚ್ಚಿ. ದಾರ ಗಟ್ಟಿ ಇದೆ, ಕತ್ತರಿ ತಟ್ಟೆಯಲ್ಲಿದೆ. ಜೋರಾಗಿ ಚಪ್ಪಾಳೆ ಬರಲಿ!